ಮಲಗುವ ಮುನ್ನ ಐದು ಹೆಸರು: 3ರಿಂದ 8 ವರ್ಷದ ಮಕ್ಕಳೊಂದಿಗೆ 10 ನಿಮಿಷದ ರಾತ್ರಿ ಪ್ರಾರ್ಥನೆ

ಶಾಲೆ ತೆರೆಯುವ ಮೊದಲ ವಾರಕ್ಕೆಂದು ನಮ್ಮ ಬಡಾವಣೆಯ ಭಜನಾ ಬಳಗ ಈ ಕೈಪಿಡಿ ಸಿದ್ಧಮಾಡಿದೆ. ಸೋಮವಾರ ರಾತ್ರಿ ಶುರುಮಾಡಿ, ಭಾನುವಾರಕ್ಕೆ ಮುಗಿಸಿ. ಮುಂದಿನ ಸೋಮವಾರ ಮತ್ತೆ ಮೊದಲಿನಿಂದ. ಅದೇ ಕಥೆ ಹತ್ತು ಸಲ ಕೇಳಿದರೂ ಮಕ್ಕಳಿಗೆ ಬೇಸರವಾಗುವುದಿಲ್ಲ, ಬೇಸರ ಬರುವುದು ನಮಗೆ.

ವಾರಕ್ಕೆಲ್ಲ ಒಂದೇ ಶ್ಲೋಕ. ಅನೇಕ ಮನೆಗಳಲ್ಲಿ ಅಜ್ಜಿಯರು ಮಲಗಿಸುವಾಗ ಹೇಳಿಕೊಡುತ್ತ ಬಂದದ್ದು:

ರಾಮಂ ಸ್ಕಂದಂ ಹನೂಮಂತಂ
ವೈನತೇಯಂ ವೃಕೋದರಂ
ಶಯನೇ ಯಃ ಸ್ಮರೇನ್ನಿತ್ಯಂ
ದುಃಸ್ವಪ್ನಂ ತಸ್ಯ ನಶ್ಯತಿ

ರಾಮ, ಸ್ಕಂದ, ಹನುಮಂತ, ಗರುಡ, ಭೀಮ, ಈ ಐವರನ್ನು ದಿನವೂ ಮಲಗುವಾಗ ನೆನೆಯುವವರ ಕೆಟ್ಟ ಕನಸು ಕಳೆಯುತ್ತದೆ ಎಂದು ಅರ್ಥ. ನಿಮ್ಮ ಮನೆಯಲ್ಲಿ ‘ರಾಮಸ್ಕಂದಂ’ ಎಂದೋ ಬೇರೆ ಪಾಠದಲ್ಲೋ ಹೇಳುವ ರೂಢಿಯಿದ್ದರೆ ಅದನ್ನೇ ಹೇಳಿ. ಅಜ್ಜಿ ಒಂದು, ಅಮ್ಮ ಒಂದು ಹೇಳಿದರೆ ಮಗು ಎರಡನ್ನೂ ಬಿಡುತ್ತದೆ.

ಒಂದು ಮಾತು ಮೊದಲೇ ಮನಸ್ಸಿನಲ್ಲಿರಲಿ. ಕತ್ತಲಾದ ಮೇಲೆ ಪುಟ್ಟ ಜೀವಕ್ಕೆ ಧೈರ್ಯ ತುಂಬಲು ಇರುವ ಶ್ಲೋಕ ಇದು. ಆ 10 ನಿಮಿಷದಲ್ಲಿ ಮಗುವಿಗೆ ಭಯವಾಗುವ ಯಾವ ಮಾತೂ ಬರಬಾರದು. ಉಚ್ಚಾರ ತಪ್ಪಿದರೆ ನಾಳೆ ತಿದ್ದಬಹುದು. ‘ಹೇಳದಿದ್ರೆ ಕೆಟ್ಟ ಕನಸು ಬೀಳುತ್ತೆ ನೋಡು’ ಎಂದು ಒಂದು ಸಲ ಅಂದುಬಿಟ್ಟರೆ, ಧೈರ್ಯ ಕೊಡಬೇಕಾದ ಶ್ಲೋಕವೇ ಮಗುವಿಗೆ ಬೆದರಿಕೆಯಾಗಿಬಿಡುತ್ತದೆ.

ಮೊದಲು ಮಾಡಿಕೊಳ್ಳಬೇಕಾದ್ದು

ಮಗು ಸಾಮಾನ್ಯವಾಗಿ 9 ಗಂಟೆಗೆ ನಿದ್ದೆಹೋಗುತ್ತದೆ ಎಂದಾದರೆ 8:30ಕ್ಕೆ ಕೈಕಾಲು ಮುಖ ತೊಳೆಸಿ, ಬಾತ್‌ರೂಮಿಗೆ ಕಳಿಸಿ, ನೀರು ಕುಡಿಸಿ. ಇವು ಉಳಿದರೆ ಕಥೆಯ ನಡುವೆ ‘ಅಮ್ಮಾ, ನೀರು’ ಬಂದೇ ಬರುತ್ತದೆ. ಟೀವಿ, ಮೊಬೈಲು ಅಷ್ಟರೊಳಗೆ ಬಂದ್ ಆಗಿರಲಿ. ಶ್ಲೋಕವನ್ನು ಮೊಬೈಲ್ ನೋಡಿಕೊಂಡು ಹೇಳಬೇಡಿ, ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಪರದೆ ಬೆಳಗಿದ ಕೂಡಲೇ ಮಗುವಿನ ಕಣ್ಣು ಅಲ್ಲಿಗೇ ಹೋಗುತ್ತದೆ.

8:40ಕ್ಕೆ ದೇವರ ಮನೆಯ ಮುಂದೆ ನಿಂತು ಕೈಮುಗಿದು, ವಿಭೂತಿಯೋ ಕುಂಕುಮವೋ ನಿಮ್ಮ ಪದ್ಧತಿಯಂತೆ ಹಚ್ಚಿ, ಹಾಸಿಗೆಗೆ ಕರೆದುಕೊಂಡು ಬನ್ನಿ. ದೀಪ ದೇವರ ಮನೆಯಲ್ಲೇ ಇರಲಿ. ಮಲಗುವ ಕೋಣೆಗೆ ಹಣತೆ ತರಬೇಡಿ: ಸೊಳ್ಳೆಪರದೆ, ಹೊದಿಕೆ, ಫ್ಯಾನಿನ ಗಾಳಿ, ನಿದ್ದೆಗಣ್ಣಿನ ಮಗು, ಇಷ್ಟರ ನಡುವೆ ಬೆಂಕಿ ಬೇಡವೇ ಬೇಡ. ಸಣ್ಣ ಬಲ್ಬು ಸಾಕು.

ಮಗು ಕಣ್ಣುಜ್ಜಲು ಶುರುಮಾಡಿದ್ದರೆ ಆಗಲೇ ತಡವಾಗಿದೆ. ಅಂಥ ರಾತ್ರಿ ಕಥೆ ಬಿಟ್ಟು ಬೆರಳೆಣಿಕೆ ಮಾತ್ರ ಮಾಡಿ. ಮರುದಿನ 15 ನಿಮಿಷ ಮುಂಚೆ ಶುರುಮಾಡಿ.

ಬೆರಳೆಣಿಕೆ

ಮಗುವಿನ ಬಲಗೈಯನ್ನು ನಿಮ್ಮ ಅಂಗೈ ಮೇಲೆ ಬಿಡಿಸಿಟ್ಟುಕೊಳ್ಳಿ. ಕಿರುಬೆರಳು ಹಿಡಿದು ‘ರಾಮಂ’, ಉಂಗುರದ ಬೆರಳು ‘ಸ್ಕಂದಂ’, ನಡುಬೆರಳು ‘ಹನೂಮಂತಂ’, ತೋರುಬೆರಳು ‘ವೈನತೇಯಂ’, ಹೆಬ್ಬೆರಳು ‘ವೃಕೋದರಂ’. ಒಂದೊಂದು ಹೆಸರಿಗೂ ಆ ಬೆರಳನ್ನು ಮೆಲ್ಲಗೆ ಮಡಿಸಿ. ದಪ್ಪ ಹೆಬ್ಬೆರಳು ಭೀಮ. ಉಳಿದ ನಾಲ್ಕು ಬೆರಳು ಮಲಗಿದ ಮೇಲೆ ಅವುಗಳ ಮೇಲೆ ಕಾವಲು ಕೂರುತ್ತಾನೆ. ಮುಷ್ಟಿಯಾದ ಆ ಪುಟ್ಟ ಕೈಯನ್ನು ನಿಮ್ಮ ಎರಡೂ ಕೈಯಲ್ಲಿ ಮುಚ್ಚಿ ಹಿಡಿದು ಉಳಿದೆರಡು ಸಾಲು ಹೇಳಿ.

ಸಾಲಿಗೆ 8 ಅಕ್ಷರ, ಒಟ್ಟು 32. ಸಾಲಿನ ಕೊನೆಯಲ್ಲೇ ಉಸಿರು ತೆಗೆದುಕೊಳ್ಳಿ. 3–4 ವರ್ಷದವರು ಐದು ಹೆಸರು ಹೇಳಿದರೆ ಸಾಕು, ಉಳಿದದ್ದು ನಿಮ್ಮ ಬಾಯಲ್ಲಿ ಕೇಳಲಿ. ಮಕ್ಕಳಿಗೆ ತೊಡರುವುದು ‘ವೃಕೋದರಂ’ ಮತ್ತು ‘ಸ್ಮರೇನ್ನಿತ್ಯಂ’. ಮೊದಲನೆಯದು ‘ರುಕೋದರಂ’ ಆಗುತ್ತದೆ. ತಡೆದು ತಿದ್ದದೆ, ನೀವೇ ಇನ್ನೊಮ್ಮೆ ಸರಿಯಾಗಿ ಹೇಳಿ ಮುಂದೆ ಹೋಗಿ. ಎರಡನೆಯದನ್ನು ಹಗಲಲ್ಲಿ ಆಟವಾಡುವಾಗ ‘ಸ್ಮರೇತ್, ನಿತ್ಯಂ’ ಎಂದು ಬಿಡಿಸಿ ಹೇಳಿಸಿದರೆ ರಾತ್ರಿ ತಾನಾಗಿ ಕೂಡಿಕೊಳ್ಳುತ್ತದೆ.

ಪ್ರತಿ ರಾತ್ರಿಯ ಕ್ರಮ

ಬೆರಳೆಣಿಕೆಗೆ 1 ನಿಮಿಷ. ಆ ದಿನದ ಕಥೆಗೆ 3 ನಿಮಿಷ. ಒಂದೇ ಒಂದು ಪ್ರಶ್ನೆ. ಆಮೇಲೆ ಪ್ರಾರ್ಥನೆ, ಅಪ್ಪ ಅಥವಾ ಅಮ್ಮ ಹೀಗೆ ಹೇಳಿಸಬೇಕು:

‘ದೇವರೇ, ಇವತ್ತಿನ ದಿನ ಕೊಟ್ಟೆ, ನಿನಗೆ ನಮಸ್ಕಾರ. ಇವತ್ತು ನನಗೆ ಖುಷಿಯಾಗಿದ್ದು…’ (ಮಗು ಹೇಳಲಿ. ‘ದೋಸೆ’ ಎಂದರೂ ಸರಿಯೇ.) ‘ನನ್ನಿಂದ ಯಾರಿಗಾದರೂ ನೋವಾಗಿದ್ದರೆ ಕ್ಷಮಿಸು, ನಾಳೆ ಸರಿಮಾಡ್ತೀನಿ. ಅಪ್ಪ, ಅಮ್ಮ, ತಾತ, ಅಜ್ಜಿ, ಬೀದಿಯ ನಾಯಿಮರಿ, ಎಲ್ಲರೂ ಚೆನ್ನಾಗಿ ನಿದ್ದೆ ಮಾಡಲಿ. ನಾನೂ ನಿನ್ನ ಮಡಿಲಲ್ಲಿ ಮಲಗ್ತೀನಿ.’

ಕ್ಷಮೆಯ ಸಾಲಿನಲ್ಲಿ ಎಚ್ಚರಿಕೆ ಬೇಕು. ‘ಮಧ್ಯಾಹ್ನ ತಂಗಿಗೆ ಹೊಡೆದೆಯಲ್ಲ, ಅದನ್ನ ಹೇಳು’ ಎಂದು ನೀವು ನೆನಪಿಸಿದರೆ ಪ್ರಾರ್ಥನೆ ವಿಚಾರಣೆಯಾಗುತ್ತದೆ. ಎರಡೇ ವಾರದಲ್ಲಿ ಮಗು ಹಾಸಿಗೆಗೆ ಬರಲು ಸತಾಯಿಸತೊಡಗುತ್ತದೆ. ಆ ಸಾಲಿನ ನಂತರ ಎರಡು ಉಸಿರಿನಷ್ಟು ಸುಮ್ಮನಿರಿ. ಹೇಳುವುದಿದ್ದರೆ ಅದೇ ಹೇಳುತ್ತದೆ. ಹೇಳಿದಾಗ ‘ಸರಿ ಕಂದ, ನಾಳೆ ನೋಡೋಣ’ ಅಷ್ಟೇ, ಬುದ್ಧಿಮಾತು ಬೇಡ. ನೀವೇ ಆ ದಿನ ರೇಗಿದ್ದರೆ ‘ಬೆಳಿಗ್ಗೆ ನಾನು ಜೋರಾಗಿ ಕಿರುಚಿದೆ, ಕ್ಷಮಿಸು’ ಎಂದು ಮಗುವಿನ ಎದುರೇ ಹೇಳಿ.

ಕೊನೆಗೆ ತಲೆ ಮೇಲೆ ಕೈಯಿಟ್ಟು ‘ದೇವರು ನಿನ್ನ ಕಾಯಲಿ, ಮಲಗು ಪುಟ್ಟ.’ ಅಲ್ಲಿಗೆ ಮುಗಿಯಿತು. ಅದಾದ ಮೇಲೆ ಹೋಮ್‌ವರ್ಕ್, ನಾಳೆಯ ಟಿಫನ್ ಯಾವ ಮಾತೂ ಬೇಡ.

ಕಥೆಗಳು

ದನಿ ಕಥೆಯುದ್ದಕ್ಕೂ ತಗ್ಗುತ್ತ ಬರಬೇಕು. ಘರ್ಜನೆ, ಯುದ್ಧದ ಸದ್ದು ಹಗಲಿಗಿರಲಿ. ಆರಿಸಿದ ಐದೂ ಕಥೆಗಳಲ್ಲಿ ಸಾವು, ರಕ್ತ ಇಲ್ಲ.

*ಸೋಮವಾರ, ರಾಮ.* ರಾಮ ನಿನ್ನಷ್ಟೇ ಪುಟ್ಟವನಾಗಿದ್ದಾಗ ಒಂದು ರಾತ್ರಿ ಆಕಾಶದಲ್ಲಿ ಚಂದಮಾಮನನ್ನು ನೋಡಿದ. ಬೇಕು ಅಂದ. ಚಿನ್ನದ ಚೆಂಡು ಕೊಟ್ಟರು, ಬೇಡ. ಹಾಲು ಕೊಟ್ಟರು, ಬೇಡ. ಅತ್ತೂ ಅತ್ತೂ ಮುಖವೆಲ್ಲ ಕೆಂಪು. ಆಗ ಮನೆಯವರು ಒಂದು ಕನ್ನಡಿ ತಂದು ಕೈಗೆ ಕೊಟ್ಟರು. ಕನ್ನಡಿಯೊಳಗೆ ಚಂದ್ರ! ರಾಮ ಅದನ್ನು ಎದೆಗಪ್ಪಿಕೊಂಡು ಹಾಗೇ ನಿದ್ದೆಹೋದ. 
ಪ್ರಶ್ನೆ: ನಿನಗೆ ಅಳು ಬಂದಾಗ ಏನು ಮಾಡಿದರೆ ಸಮಾಧಾನ ಆಗುತ್ತೆ?

*ಮಂಗಳವಾರ, ಸ್ಕಂದ.* ಸ್ಕಂದ ಅಂದರೆ ಕುಕ್ಕೆಯ ಸುಬ್ರಹ್ಮಣ್ಯ ಸ್ವಾಮಿಯೇ. ಅವನು ಮಗುವಾಗಿದ್ದಾಗ ಆರು ಜನ ಕೃತ್ತಿಕೆಯರು ಓಡಿಬಂದರು. ‘ನಾನು ಹಾಲು ಕೊಡ್ತೀನಿ’, ‘ಇಲ್ಲ, ನಾನು’. ಒಬ್ಬರ ಹತ್ತಿರ ಹೋದರೆ ಐವರಿಗೆ ಬೇಜಾರಾಗುತ್ತಲ್ಲ? ಅದಕ್ಕೆ ಸ್ಕಂದ ಆರು ಮುಖ ಮಾಡಿಕೊಂಡ! ಆರೂ ಅಮ್ಮಂದಿರ ಹಾಲು ಕುಡಿದ. ಆ ಅಮ್ಮಂದಿರು ಈಗ ಆಕಾಶದಲ್ಲಿ ನಕ್ಷತ್ರಗಳ ಗೊಂಚಲಾಗಿದ್ದಾರೆ. 
ಪ್ರಶ್ನೆ: ನಿನ್ನನ್ನು ಪ್ರೀತಿ ಮಾಡೋರು ಯಾರ್‍ಯಾರು? ಎಣಿಸೋಣ.
(ಜೂನ್ ರಾತ್ರಿಗಳಲ್ಲಿ ಆ ನಕ್ಷತ್ರಗಳು ಕಾಣುವುದಿಲ್ಲ. ತೋರಿಸುವ ಆಸೆಯಿದ್ದರೆ ಕಾರ್ತಿಕ ಮಾಸದವರೆಗೆ ಕಾಯಬೇಕು.)

*ಬುಧವಾರ, ಹನುಮಂತ.* ಎದುರಿಗೆ ದೊಡ್ಡ ಸಮುದ್ರ. ಕಪಿಗಳೆಲ್ಲ ‘ನನ್ನಿಂದ ಹಾರೋಕಾಗಲ್ಲ’ ಅಂದವು. ಹನುಮಂತ ಒಂದು ಕಡೆ ಸುಮ್ಮನೆ ಕೂತಿದ್ದ, ತನಗೆ ಎಷ್ಟು ಶಕ್ತಿ ಇದೆ ಅನ್ನೋದೇ ಅವನಿಗೆ ಮರೆತುಹೋಗಿತ್ತು. ಆಗ ಅಜ್ಜ ಜಾಂಬವಂತ ಹತ್ತಿರ ಬಂದು, ‘ಹನುಮಾ, ನೀನು ವಾಯುವಿನ ಮಗ, ನಿನ್ನಿಂದ ಆಗುತ್ತಪ್ಪಾ’ ಅಂದ. ಹನುಮಂತ ಎದ್ದು ನಿಂತ. ಬೆಳೆದ, ಬೆಳೆದ, ಬೆಟ್ಟದಷ್ಟಾದ. ಹಾರಿಯೇಬಿಟ್ಟ. 
ಪ್ರಶ್ನೆ: ಮೊದಲು ‘ಆಗಲ್ಲ’ ಅಂದು ಆಮೇಲೆ ನೀನು ಮಾಡಿದ್ದು ಏನು?

*ಗುರುವಾರ, ಗರುಡ.* ವಿನತೆಯ ಮಗ, ಅದಕ್ಕೇ ವೈನತೇಯ. ಅವನ ಅಮ್ಮ ಬೇರೆಯವರ ಮನೆಯಲ್ಲಿ ದುಡಿಯಬೇಕಾಗಿತ್ತು. ‘ಅಮೃತ ತಂದುಕೊಟ್ಟರೆ ಬಿಡ್ತೀವಿ’ ಅಂದರು. ಗರುಡ ರೆಕ್ಕೆ ಬಿಚ್ಚಿ ದೇವಲೋಕಕ್ಕೆ ಹಾರಿದ, ಅಮೃತದ ಕೊಡ ತಂದ. ದಾರಿಯಲ್ಲಿ ಎಷ್ಟು ಬಾಯಾರಿತ್ತೋ! ಆದರೂ ಒಂದು ಹನಿ ಕುಡಿಯಲಿಲ್ಲ, ಅದು ಅಮ್ಮನಿಗಾಗಿ. ವಿಷ್ಣುವಿಗೆ ಅದು ಎಷ್ಟು ಮೆಚ್ಚಿಗೆಯಾಯಿತೆಂದರೆ, ಗರುಡ ಅವನ ವಾಹನವಾದ. 
ಪ್ರಶ್ನೆ: ನಾಳೆ ಯಾರಿಗೆ ಏನು ಎತ್ತಿಡೋಣ?
(ಹಾವುಗಳ ಭಾಗವನ್ನು ಬೇಕೆಂದೇ ಬಿಟ್ಟಿದ್ದೇವೆ. ಹಾವೆಂದರೆ ಹೆದರುವ ಮಗುವಿಗೆ ಅದೊಂದೇ ಸಾಕು, ಇಡೀ ರಾತ್ರಿ ಎದ್ದಿರುತ್ತದೆ.)

*ಶುಕ್ರವಾರ, ವೃಕೋದರ.* ಭೀಮನಿಗೆ ತೋಳನ ಹೊಟ್ಟೆ, ಯಾವಾಗಲೂ ಹಸಿವು! (ಇಲ್ಲಿ ಮಗು ನಕ್ಕೇ ನಗುತ್ತದೆ, ನಗಲಿ.) ಒಂದು ಸಲ ಅಮ್ಮ ಕುಂತಿ, ಅಣ್ಣ, ತಮ್ಮಂದಿರು ಕಾಡಿನಲ್ಲಿ ನಡೆದೂ ನಡೆದೂ ಸುಸ್ತಾದರು. ಭೀಮ ಎಲ್ಲರನ್ನೂ ಎತ್ತಿಕೊಂಡು ನಡೆದ. ಒಂದು ಮರದ ಕೆಳಗೆ ಇಳಿಸಿ ನೀರು ತಂದುಕೊಟ್ಟ. ಅವರೆಲ್ಲ ಮಲಗಿದರು. ಭೀಮ ಮಲಗಲಿಲ್ಲ. ಅವರಿಗಾಗಿ ಎಚ್ಚರವಾಗಿ ಕೂತಿದ್ದ. 
ಪ್ರಶ್ನೆ ಬೇಡ. ಹೆಬ್ಬೆರಳು ಮಡಿಸಿ, ‘ಭೀಮ ಎದ್ದಿದ್ದಾನೆ, ನೀನು ಮಲಗು’ ಎನ್ನಿ.

ಶನಿವಾರ ಕಥೆಯಿಲ್ಲ, ಶ್ಲೋಕವನ್ನು ಮೂರು ಸಲ, ಮೂರನೆಯದು ಪಿಸುಮಾತಿನಲ್ಲಿ. ಭಾನುವಾರ ಮಗು ನಿಮ್ಮ ಬೆರಳು ಮಡಿಸಲಿ, ಯಾವ ಕಥೆ ಎಂದು ಅದೇ ಆರಿಸಲಿ. ಅದು ಹೇಳುವ ಕಥೆಯಲ್ಲಿ ಗರುಡ ಬಸ್ಸಿನಲ್ಲಿ ಬಂದರೂ ಅಡ್ಡ ಬಾಯಿ ಹಾಕಬೇಡಿ.

ತೊಡಕುಗಳು

ಇಬ್ಬರು ಮಕ್ಕಳಿದ್ದರೆ ದೊಡ್ಡದು ಪ್ರಶ್ನೆಗೆಲ್ಲ ತಾನೇ ಉತ್ತರಿಸುತ್ತದೆ, ಚಿಕ್ಕದು ಗಲಾಟೆ ಮಾಡುತ್ತದೆ. ದೊಡ್ಡದಕ್ಕೆ ಶ್ಲೋಕ ಹೇಳಿಸುವ ಕೆಲಸ ಕೊಡಿ, ಮೊದಲ ಉತ್ತರ ಚಿಕ್ಕದರದ್ದು. ಕೆಲಸದಿಂದ ತಡವಾಗಿ ಬರುವ ಅಪ್ಪ ನಡುವೆ ಬಂದರೆ ಬಾಗಿಲಲ್ಲಿ ಮಾತಾಡಿಸದೆ ಬಂದು ಪಕ್ಕದಲ್ಲಿ ಕೂರಲಿ, ಕೊನೆಯ ಆಶೀರ್ವಾದ ಅವರದ್ದಾಗಲಿ. ಜ್ವರ, ಪ್ರಯಾಣ, ಮನೆತುಂಬ ನೆಂಟರು ಇದ್ದ ದಿನ ಬೆರಳೆಣಿಕೆ ಒಂದೇ ಸಾಕು, ಸ್ಲೀಪರ್ ಬಸ್ಸಿನಲ್ಲೂ ಮಾಡಬಹುದು. ‘ಇವತ್ತು ನಾನು ಹೇಳಲ್ಲ’ ಎಂದು ಹಟ ಹಿಡಿದರೆ ‘ಸರಿ, ನಾನು ಹೇಳ್ತೀನಿ, ನೀನು ಕೇಳು’ ಎಂದು ನೀವೇ ಹೇಳಿ ಮುಗಿಸಿ.

ಇನ್ನು ಎಲ್ಲಕ್ಕಿಂತ ಕಷ್ಟದ್ದು: ನಡುರಾತ್ರಿ ಎದ್ದು ಅಳುತ್ತ ‘ಶ್ಲೋಕ ಹೇಳಿದ್ನಲ್ಲ, ಆದ್ರೂ ಕೆಟ್ಟ ಕನಸು ಬಿತ್ತು’ ಎನ್ನುವುದು. ‘ಸರಿಯಾಗಿ ಹೇಳಿರಲಿಲ್ಲ’ ಎಂದು ಎಂದಿಗೂ ಅನ್ನಬೇಡಿ, ತಪ್ಪು ಮಗುವಿನ ತಲೆಗೆ ಬರುತ್ತದೆ. ದೊಡ್ಡ ಲೈಟು ಹಾಕಬೇಡಿ, ಕನಸು ಏನೆಂದು ಕೆದಕಬೇಡಿ. ಎತ್ತಿ ತೊಡೆ ಮೇಲೆ ಕೂರಿಸಿಕೊಂಡು, ಬೆನ್ನು ಸವರುತ್ತ ಹೀಗೆ ಹೇಳಿ:

‘ಕನಸು ಬಂತು, ಹೋಯ್ತು. ಕನಸು ಬಂದಾಗಲೂ ಅವರು ಐದೂ ಜನ ಇಲ್ಲೇ ಇದ್ರು. ನಾನೂ ಇಲ್ಲೇ ಇದ್ದೀನಿ. ಎಲ್ಲಿ, ಕೈ ಕೊಡು. ಕಿರುಬೆರಳು ಯಾರು?’