ವಿಷಯ: ನೀರಿನ ಅಸೈನ್‌ಮೆಂಟ್‌ನ ಮೂರನೇ ಪ್ಯಾರಾ ಬಗ್ಗೆ

ಮೇಡಂ, ನಮಸ್ಕಾರ.

ನಾನು ಬಿ.ಎ. ನಾಲ್ಕನೇ ಸೆಮಿಸ್ಟರ್‌ನ ಚೈತ್ರಾ. ಬೆಂಗಳೂರಿಗೆ ನಲ್ಲಿ ನೀರು ಬಂದ ಬಗ್ಗೆ ನಾನು ಬರೆದ ಅಸೈನ್‌ಮೆಂಟ್‌ನಲ್ಲಿ ಮೂರನೇ ಪ್ಯಾರಾವನ್ನು ಸಾಫ್ಟ್‌ವೇರ್ ನಕಲು ಎಂದು ತೋರಿಸಿದೆ ಅಂತ ನಿನ್ನೆ ಹೇಳಿದಿರಿ. ಎಲ್ಲರ ಮುಂದೆ ನನಗೆ ಮಾತೇ ಹೊರಡಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಆ ಪ್ಯಾರಾಕ್ಕೆ ಆಧಾರ ನೀವೇ ಕೊಟ್ಟ ಜೆರಾಕ್ಸ್ ಲೇಖನ. ಅದನ್ನು ಎರಡು ಸಲ ಓದಿ, ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡೆ. ಲೇಖನವನ್ನು ಬ್ಯಾಗಿಗೆ ಹಾಕಿ, ಬರೀ ನೋಟ್ಸ್ ಮುಂದಿಟ್ಟುಕೊಂಡು ಟೈಪ್ ಮಾಡಿದೆ.

ಲೇಖನ ಹಳೆಯದರಿಂದ ಹೊಸದಕ್ಕೆ ಬರುತ್ತದೆ: ಕೆರೆಗಳು, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಕಾವೇರಿ. ನಾನು ಹಿಂದೆ ಹಿಂದೆ ಹೋಗಿದ್ದೇನೆ. 1974ರಲ್ಲಿ ಸುಮಾರು 100 ಕಿಲೋಮೀಟರ್ ದೂರದ ಕಾವೇರಿ ಯಾಕೆ ಬೇಕಾಯಿತು? 1933ರ ತಿಪ್ಪಗೊಂಡನಹಳ್ಳಿ ಸಾಲಲಿಲ್ಲ. ಅದು ಯಾಕೆ ಬೇಕಾಗಿತ್ತು? ಹೆಸರಘಟ್ಟ ಮಳೆ ಕೈಕೊಟ್ಟರೆ ಬತ್ತುತ್ತಿತ್ತು. ಕೊನೆಗೆ ಧರ್ಮಾಂಬುಧಿ ಕೆರೆಗೆ ಬಂದು ನಿಂತಿದ್ದೇನೆ. ಈಗಿನ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರುವ ಜಾಗ. ದಿನಾ ಅಲ್ಲೇ ಬಸ್ ಬದಲಾಯಿಸುತ್ತೇನೆ, ಅದಕ್ಕೇ ಇರಬೇಕು ಹಾಗೆ ಮುಗಿಸಬೇಕು ಅನ್ನಿಸಿದ್ದು.

ಕೆಂಪು ಬಣ್ಣ ಬಿದ್ದಿರುವ ಕಡೆ ನೋಡಿದೆ. ಜಾಸ್ತಿ ಇರುವುದು ಊರು, ನದಿ, ಇಸವಿ, ‘ಅರ್ಕಾವತಿ ನದಿಗೆ ಅಡ್ಡಲಾಗಿ’ ಎನ್ನುವಂಥ ಮಾತು. ಅಣೆಕಟ್ಟಿನ ಬಗ್ಗೆ ಬರೆಯುವಾಗ ಇದನ್ನು ಬೇರೆ ಹೇಗೆ ಹೇಳುವುದು ಅಂತ ನನಗೆ ಹೊಳೆಯಲಿಲ್ಲ.

ಆದರೆ ‘ದಾಹ ತೀರಿಸಲಾರದೆ ಸೊರಗಿದ ಕೆರೆಗಳು’ ಎನ್ನುವುದು ಲೇಖಕರ ಮಾತೇ. ತಲೆಯಲ್ಲಿ ಉಳಿದುಬಿಟ್ಟಿತ್ತು, ನನ್ನದೇ ಅಂದುಕೊಂಡು ಬರೆದೆ. ಅದಕ್ಕೆ ಉದ್ಧರಣ ಚಿಹ್ನೆ ಹಾಕಬೇಕಿತ್ತು. ಪ್ಯಾರಾದ ಕೊನೆಯಲ್ಲಿ ಲೇಖನದ ಹೆಸರು ಕೊಟ್ಟಿದ್ದೇನೆ ನಿಜ, ಆದರೂ ಆ ನಾಲ್ಕು ಪದಗಳ ತಪ್ಪು ನನ್ನದು. ಅದಕ್ಕೆ ಅಂಕ ಕಳೆದರೆ ಬೇಜಾರಿಲ್ಲ. ಇಡೀ ಪ್ಯಾರಾ ಕದ್ದದ್ದು ಅನ್ನುವುದು ಮಾತ್ರ ಒಪ್ಪಿಕೊಳ್ಳಲು ಆಗುತ್ತಿಲ್ಲ.

ನೋಟ್‌ಬುಕ್ಕಿನ ಎರಡು ಪುಟಗಳ ಫೋಟೋ ಜೊತೆಗಿದೆ. ಹೆಸರಘಟ್ಟದ ಕೆಲಸ ಶುರುವಾದ 1894ನ್ನು ಅವಸರದಲ್ಲಿ 1984 ಅಂತ ಬರೆದುಕೊಂಡಿದ್ದೆ. ಅದೇ ತಪ್ಪು ನನ್ನ ಮೊದಲ ಡ್ರಾಫ್ಟ್‌ನಲ್ಲೂ ಇದೆ, ಮರುದಿನ ತಿದ್ದಿದ್ದೇನೆ. ಲೇಖನ ನೋಡಿ ಇಳಿಸಿದ್ದರೆ ಇಸವಿ ತಪ್ಪುತ್ತಿರಲಿಲ್ಲ ಅಲ್ವಾ ಮೇಡಂ? ಗೂಗಲ್ ಡಾಕ್ಸ್‌ನಲ್ಲಿ ಹಳೆಯ ಆವೃತ್ತಿಗಳೆಲ್ಲ ಹಾಗೇ ಇವೆ, ನಿಮ್ಮ ಇಮೇಲ್‌ಗೆ ಅನುಮತಿ ಕೊಟ್ಟಿದ್ದೇನೆ.

ಸೋಮವಾರ ಮೊದಲ ಪೀರಿಯಡ್‌ಗೆ ಮುಂಚೆ ಸ್ಟಾಫ್ ರೂಮಿಗೆ ಬರಲೇ? ನೋಟ್‌ಬುಕ್ ತರುತ್ತೇನೆ. ಬೇಕಿದ್ದರೆ ಆ ಪ್ಯಾರಾವನ್ನು ನಿಮ್ಮೆದುರೇ ಕೂತು ಇನ್ನೊಂದು ಸಲ ಬರೆದು ತೋರಿಸುತ್ತೇನೆ.

ನಿಮ್ಮ ವಿದ್ಯಾರ್ಥಿನಿ,
ಚೈತ್ರಾ