ನನ್ನ ಬಗ್ಗೆ: ಶಿರಸಿಯಿಂದ ಗ್ರಾಫಿಕ್ ವಿನ್ಯಾಸ

ನಾನು ಶಿರಸಿಯಲ್ಲಿದ್ದುಕೊಂಡು ಸ್ವತಂತ್ರವಾಗಿ ಕೆಲಸ ಮಾಡುವ ಗ್ರಾಫಿಕ್ ಡಿಸೈನರ್. ಉಪ್ಪಿನಕಾಯಿ, ಜೇನುತುಪ್ಪ, ಜೋನಿಬೆಲ್ಲ, ಕಾಳುಮೆಣಸು, ಹಲಸಿನ ಹಪ್ಪಳದಂತಹ ಪದಾರ್ಥಗಳ ಲೇಬಲ್ ಮತ್ತು ಪೊಟ್ಟಣ, ಅಂಗಡಿ ಹಾಗೂ ಹೋಮ್‌ಸ್ಟೇಗಳ ಲೋಗೋ ಮತ್ತು ನಾಮಫಲಕ, ಸಹಕಾರಿ ಸಂಘಗಳ ವಾರ್ಷಿಕ ವರದಿ, ಯಕ್ಷಗಾನ ಮತ್ತು ಸಂಗೀತ ಕಾರ್ಯಕ್ರಮಗಳ ಕರಪತ್ರ ನನ್ನ ಮುಖ್ಯ ಕೆಲಸಗಳು. ನಾನು ಉದ್ಯೋಗವನ್ನು ಅರಸುತ್ತಿಲ್ಲ. ತಮ್ಮದೇ ವಸ್ತುವನ್ನು, ತಮ್ಮದೇ ಹೆಸರಿನಲ್ಲಿ ಮಾರುಕಟ್ಟೆಗೆ ತರುವವರೊಂದಿಗೆ ನೇರವಾಗಿ ಕೆಲಸ ಮಾಡಬೇಕೆಂಬುದು ನನ್ನ ಅಪೇಕ್ಷೆ. ಈ ಪರಿಚಯವನ್ನು ಬರೆದಿರುವುದು ಅಂಥವರಿಗಾಗಿ.

ಊರಿಗೆ ಮರಳುವ ಮೊದಲು ಬೆಂಗಳೂರಿನ ಒಂದು ಜಾಹೀರಾತು ಸಂಸ್ಥೆಯಲ್ಲಿದ್ದೆ. ಅಲ್ಲಿ ನಾನು ಮಾಡಿದ ಪೊಟ್ಟಣಗಳು ದೊಡ್ಡ ಅಂಗಡಿಗಳ ಕಪಾಟಿನಲ್ಲಿ ಕುಳಿತವು, ಆದರೆ ಆ ಪದಾರ್ಥವನ್ನು ತಯಾರಿಸಿದವರ ಮುಖವನ್ನು ನಾನು ನೋಡಿದ್ದು ಕಡಿಮೆ. ಗಿರಾಕಿ ಹೇಳಿದ್ದು ಮೂರು ಮೇಜುಗಳನ್ನು ದಾಟಿ ನನ್ನ ಮೇಜಿಗೆ ತಲುಪುವಷ್ಟರಲ್ಲಿ ‘ಪ್ರೀಮಿಯಂ ಆಗಿ ಕಾಣಬೇಕು’ ಎಂಬ ಒಂದೇ ಸಾಲಾಗಿ ಉಳಿಯುತ್ತಿತ್ತು. ಒಳ್ಳೆಯ ಲೇಬಲ್‌ಗೆ ಬೇಕಾದ ವಿಷಯವೆಲ್ಲ ಇರುವುದು ಮಾಡುವವರ ತಲೆಯಲ್ಲಿ ಮತ್ತು ಮಾರುವವರ ಅನುಭವದಲ್ಲಿ. ನಡುವಿನವರು ಹೆಚ್ಚಿದಷ್ಟೂ ಅದು ಸೋರಿಹೋಗುತ್ತದೆ.

ಎರಡು ಉದಾಹರಣೆಗಳನ್ನು ಕೊಡುತ್ತೇನೆ. ಅಪ್ಪೆಮಿಡಿ ಉಪ್ಪಿನಕಾಯಿ ಮಾಡುವ ಸಿದ್ದಾಪುರ ಕಡೆಯ ಒಬ್ಬ ಗೃಹಿಣಿ, ತಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ನಗರದಲ್ಲಿದ್ದಾರೆ, ಬಾಟಲಿಯನ್ನು ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಇಡುತ್ತಾರೆ ಎಂದು ಮಾತಿನ ಮಧ್ಯೆ ಹೇಳಿದರು. ಹಾಗೆ ಇಟ್ಟ ಬಾಟಲಿಯಲ್ಲಿ ಮೇಲಿನಿಂದ ಕಾಣುವುದು ಮುಚ್ಚಳ ಮಾತ್ರ. ಆದ್ದರಿಂದ ಹೆಸರನ್ನೂ ಖಾರದ ಪ್ರಮಾಣವನ್ನೂ ಮುಚ್ಚಳದ ಮೇಲೆ ದುಂಡನೆಯ ಸ್ಟಿಕ್ಕರ್ ಆಗಿ ಹಾಕಿದೆವು. ಮುಂಭಾಗದ ಲೇಬಲ್‌ಗೆ ಎಣ್ಣೆ ತಾಗಿದರೂ ಅಕ್ಷರ ಅಳಿಸದಂತೆ ಲ್ಯಾಮಿನೇಷನ್ ಇರುವ ಪ್ಲಾಸ್ಟಿಕ್ ಹಾಳೆಯನ್ನು ಆರಿಸಿದೆವು. ಇನ್ನೊಬ್ಬರು ಜೇನು ಸಾಕುವವರು. ಕೆಲವು ಹೂವಿನ ಜೇನು ಚಳಿಗೆ ಸಕ್ಕರೆಯಂತೆ ಹರಳುಗಟ್ಟುತ್ತದೆ, ಕೊಂಡವರು ಕಲಬೆರಕೆಯೆಂದು ಭಾವಿಸಿ ಫೋನ್ ಮಾಡುತ್ತಾರೆ ಎಂಬುದು ಅವರ ದೊಡ್ಡ ತಲೆನೋವಾಗಿತ್ತು. ಹರಳುಗಟ್ಟುವುದು ಸಹಜವೆಂದೂ, ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟರೆ ಜೇನು ಮತ್ತೆ ತಿಳಿಯಾಗುತ್ತದೆಂದೂ ಲೇಬಲ್‌ನ ಬದಿಯಲ್ಲಿ ಓದಲು ಬರುವ ಗಾತ್ರದಲ್ಲಿ ಬರೆದೆವು. ಇವೆರಡೂ ಬಣ್ಣ ಅಥವಾ ಚಿತ್ರದ ಚಮತ್ಕಾರಗಳಲ್ಲ. ಎದುರು ಕುಳಿತು ಮಾತನಾಡದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ.

ಆಹಾರ ಪದಾರ್ಥದ ಲೇಬಲ್‌ನಲ್ಲಿ ಅಂದಕ್ಕಿಂತ ಮೊದಲು ಕಾನೂನು ಬರುತ್ತದೆ. 14 ಅಂಕೆಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಒಳಗಿರುವ ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ಬ್ಯಾಚ್ ಸಂಖ್ಯೆ, ತಯಾರಾದ ಮತ್ತು ಬಳಕೆಯ ಅವಧಿ ಮುಗಿಯುವ ದಿನಾಂಕ, ತಯಾರಕರ ವಿಳಾಸ, ಹಸಿರು ಚೌಕದೊಳಗಿನ ಹಸಿರು ಚುಕ್ಕೆ ಇವುಗಳಿಗೆಲ್ಲ ಜಾಗವನ್ನು ಮೊದಲೇ ಕಾಯ್ದಿರಿಸಿ ನಂತರ ಉಳಿದ ಜಾಗದಲ್ಲಿ ವಿನ್ಯಾಸ ಮಾಡುತ್ತೇನೆ. ದಿನಾಂಕ ಮತ್ತು ಬ್ಯಾಚ್ ಸಂಖ್ಯೆಯನ್ನು ನೀವು ಮನೆಯಲ್ಲೇ ಕೈಯಲ್ಲಿ ಮುದ್ರೆ ಒತ್ತುವವರಾದರೆ, ಶಾಯಿ ಒಣಗುವಂತಹ ಹೊಳಪಿಲ್ಲದ ಭಾಗವೊಂದನ್ನು ಅದಕ್ಕೆಂದೇ ಬಿಡಬೇಕಾಗುತ್ತದೆ. ‘ಶುದ್ಧ’, ‘ನೈಸರ್ಗಿಕ’, ‘ಮನೆಯಲ್ಲೇ ಮಾಡಿದ್ದು’ ಎಂಬ ಮಾತುಗಳನ್ನು ಬಳಸಲು ಎಫ್‌ಎಸ್‌ಎಸ್‌ಎಐನ 2018ರ ನಿಯಮಾವಳಿಯಲ್ಲಿ ಷರತ್ತುಗಳಿವೆ. ‘ಸಾವಯವ’ ಎಂದು ಬರೆಯಲು ಪ್ರಮಾಣಪತ್ರ ಬೇಕು. ‘ಶಿರಸಿ ಸುಪಾರಿ’ಗೆ 2019ರಲ್ಲಿ, ಅಂಕೋಲೆಯ ಕರಿ ಇಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ ಎಂಬುದು ನಮಗೆಲ್ಲ ಹೆಮ್ಮೆಯ ಸಂಗತಿಯಾದರೂ, ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳದವರ ಪೊಟ್ಟಣದ ಮೇಲೆ ಆ ಲಾಂಛನವನ್ನು ನಾನು ಹಾಕಿಕೊಡುವುದಿಲ್ಲ. ಕಾನೂನು ಸಲಹೆ ನನ್ನ ವೃತ್ತಿಯಲ್ಲ, ಕೊನೆಯ ಪರಿಶೀಲನೆ ನಿಮ್ಮದೇ. ಆದರೆ ಏನು ಬಿಟ್ಟುಹೋಗಿದೆ ಎಂಬುದನ್ನು ಅಚ್ಚಿಗೆ ಹೋಗುವ ಮೊದಲೇ ಹೇಳುತ್ತೇನೆ.

ಕನ್ನಡ ಅಕ್ಷರಗಳ ಬಗ್ಗೆ ನನಗೆ ಸ್ವಲ್ಪ ಹಟವಿದೆ. ಇಂಗ್ಲಿಷಿನಲ್ಲಿ ವಿನ್ಯಾಸ ಮುಗಿಸಿ, ಉಳಿದ ಮೂಲೆಯಲ್ಲಿ ಕನ್ನಡವನ್ನು ತುರುಕಿದಾಗ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಗೆ ತಾಗುತ್ತವೆ, ಇಲ್ಲವೇ ಅಂಚಿನಲ್ಲಿ ಕತ್ತರಿಸಿಹೋಗುತ್ತವೆ. ನಾನು ಎರಡೂ ಭಾಷೆಗಳನ್ನು ಒಟ್ಟಿಗೇ ಕೂರಿಸುತ್ತೇನೆ, ಸಾಲುಗಳ ನಡುವಿನ ಅಂತರವನ್ನು ಕನ್ನಡದ ಅಗತ್ಯಕ್ಕೆ ತಕ್ಕಂತೆ ಇಡುತ್ತೇನೆ. ನಮ್ಮ ಕಡೆಯ ಹಲವು ಮುದ್ರಣಾಲಯಗಳಲ್ಲಿ ಈಗಲೂ ಕೋರೆಲ್‌ಡ್ರಾ ಮತ್ತು ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳೇ ನಡೆಯುತ್ತವೆ; ನಿಮ್ಮ ಬಳಿ ಇರುವ ಹಳೆಯ ಕಡತ ಅಂಥದ್ದಾಗಿದ್ದರೆ ಅದನ್ನು ಯೂನಿಕೋಡ್‌ಗೆ ಬದಲಾಯಿಸಿ, ಸಾಲುಸಾಲಾಗಿ ಓದಿ ತಿದ್ದಿಕೊಡುತ್ತೇನೆ. ನಾಮಫಲಕ ಮಾಡಿಸುವವರಿಗೆ ಇನ್ನೊಂದು ವಿಷಯ: ರಾಜ್ಯದ 2024ರ ತಿದ್ದುಪಡಿ ಕಾಯ್ದೆಯಂತೆ ವಾಣಿಜ್ಯ ಫಲಕಗಳಲ್ಲಿ ಶೇ. 60ರಷ್ಟು ಭಾಗ ಕನ್ನಡದಲ್ಲಿರಬೇಕು. ಗೋಕರ್ಣ, ಮುರ್ಡೇಶ್ವರಗಳಲ್ಲಿ ಹೊರನಾಡಿನ ಪ್ರವಾಸಿಗರನ್ನೇ ನಂಬಿದ ವ್ಯವಹಾರಗಳಿಗೂ ಇದು ಅನ್ವಯಿಸುತ್ತದೆ, ಮತ್ತು ಚೆನ್ನಾಗಿ ಬರೆದ ಕನ್ನಡ ಫಲಕ ಪ್ರವಾಸಿಗರನ್ನು ಓಡಿಸುವುದಿಲ್ಲ.

ಯಕ್ಷಗಾನದ ಕಿರೀಟ, ಅಡಿಕೆ ಮರ, ಕಾವಿ ಕಲೆಯ ಬಳ್ಳಿ: ‘ಇದು ನಮ್ಮ ಜಿಲ್ಲೆಯದು’ ಎಂದು ತೋರಿಸಲು ಎಲ್ಲರೂ ಕೇಳುವುದು ಈ ಮೂರನ್ನು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರವನ್ನು ಕೆರೆದು ಮೂಡಿಸುವ ಕಾವಿ ಚಿತ್ರಗಳನ್ನು ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳ ಮೇಲೆ ನೋಡಿ ಬೆಳೆದವರಲ್ಲಿ ನಾನೂ ಒಬ್ಬ. ಅವುಗಳ ಮೇಲಿನ ಗೌರವದಿಂದಲೇ ಹೇಳುತ್ತೇನೆ, ಒಂದೇ ಅಂಗಡಿಯ ಕಪಾಟಿನಲ್ಲಿ ಹತ್ತು ಪೊಟ್ಟಣಗಳ ಮೇಲೆ ಒಂದೇ ಕಿರೀಟವಿದ್ದರೆ ನಿಮ್ಮದು ಯಾವುದೆಂದು ಯಾರಿಗೂ ನೆನಪಿರುವುದಿಲ್ಲ. ವಸ್ತುವಿಗೆ ಅದರೊಂದಿಗೆ ನಿಜವಾದ ಸಂಬಂಧವಿದ್ದಾಗ ಮಾತ್ರ ಬಳಸೋಣ. ಇಲ್ಲದಿದ್ದರೆ ನಿಮ್ಮ ತೋಟದಲ್ಲಿ, ನಿಮ್ಮ ಅಡುಗೆಮನೆಯಲ್ಲಿ ಬೇರೆ ಏನಾದರೂ ಖಂಡಿತ ಸಿಗುತ್ತದೆ.

ಮುದ್ರಣದ ಖರ್ಚಿನ ಬಗ್ಗೆಯೂ ಮೊದಲೇ ಮಾತನಾಡುವುದು ನನ್ನ ಪದ್ಧತಿ. ಬಣ್ಣದ ಅಚ್ಚಿರುವ ಪ್ಲಾಸ್ಟಿಕ್ ಪೌಚ್‌ಗಳನ್ನು ಗ್ರೇವ್ಯೂರ್ ವಿಧಾನದಲ್ಲಿ ಮಾಡಿಸಿದರೆ ಪ್ರತಿ ಬಣ್ಣಕ್ಕೂ ಒಂದೊಂದು ಸಿಲಿಂಡರ್ ಕೊರೆಯಿಸಬೇಕಾಗುತ್ತದೆ, ಸಾವಿರಗಟ್ಟಲೆ ಪೌಚ್‌ಗಳಿಗಿಂತ ಕಡಿಮೆಗೆ ಯಾರೂ ಆರ್ಡರ್ ತೆಗೆದುಕೊಳ್ಳುವುದಿಲ್ಲ. ವರ್ಷಕ್ಕೆ ಒಂದೆರಡು ಕ್ವಿಂಟಲ್ ಮಾರುವವರಿಗೆ ಅದು ಹೊರೆ. ಸಾದಾ ಪೌಚ್ ಕೊಂಡು, ಅದರ ಮೇಲೆ ಚೆನ್ನಾಗಿ ಅಚ್ಚು ಮಾಡಿಸಿದ ಸ್ಟಿಕ್ಕರ್ ಅಂಟಿಸುವುದು ಅವರಿಗೆ ಸರಿಯಾದ ದಾರಿ, ಮತ್ತು ಹಾಗೆಂದು ನೇರವಾಗಿ ಹೇಳಲು ನನಗೆ ಸಂಕೋಚವಿಲ್ಲ. ಮುದ್ರಣಾಲಯದಿಂದ ನಾನು ಕಮಿಷನ್ ಪಡೆಯುವುದಿಲ್ಲ. ನೀವು ಬಿಲ್ಲನ್ನು ಅವರಿಗೇ ಪಾವತಿಸುತ್ತೀರಿ. ನಮ್ಮ ಮಳೆಗಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮೇಲಿನ ತೇವಕ್ಕೆ ಲ್ಯಾಮಿನೇಷನ್ ಇಲ್ಲದ ಕಾಗದದ ಡಬ್ಬಿ ಮೆತ್ತಗಾಗುತ್ತದೆ, ಅಗ್ಗದ ಅಂಟಿನ ಲೇಬಲ್ ಮೂಲೆಯಲ್ಲಿ ಏಳುತ್ತದೆ.

ನನ್ನ ಸಂಭಾವನೆಯನ್ನು ಮುಚ್ಚಿಡುವುದಿಲ್ಲ. ಒಂದು ಪದಾರ್ಥದ ಲೇಬಲ್‌ಗೆ 6,000 ರೂಪಾಯಿ, ಅದೇ ಮಾದರಿಯಲ್ಲಿ ಮುಂದಿನ ಪ್ರತಿ ಲೇಬಲ್‌ಗೆ 2,000 ರೂಪಾಯಿ. ಲೋಗೋ, ವಿಸಿಟಿಂಗ್ ಕಾರ್ಡ್, ಬಿಲ್ ಪುಸ್ತಕ ಮತ್ತು ಫಲಕದ ವಿನ್ಯಾಸ ಸೇರಿ 18,000 ರೂಪಾಯಿಯಿಂದ ಆರಂಭ. ಅರ್ಧ ಹಣ ಮುಂಗಡ, ಉಳಿದರ್ಧ ಕಡತಗಳನ್ನು ಒಪ್ಪಿಸುವಾಗ. ಎರಡು ಸುತ್ತಿನ ತಿದ್ದುಪಡಿ ಇದರಲ್ಲೇ ಸೇರಿದೆ. ನನ್ನ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿಯ ಮಿತಿಯೊಳಗೆ ಇರುವುದರಿಂದ ಬಿಲ್ಲಿನಲ್ಲಿ ಜಿಎಸ್‌ಟಿ ಸೇರುವುದಿಲ್ಲ. ‘ಒಂದು ಸಣ್ಣ ಡಿಸೈನ್ ಅಷ್ಟೇ, ಹೇಗೂ ನಮ್ಮವರೇ ಅಲ್ಲವೇ’ ಎಂಬ ಮಾತು ಊರಿನಲ್ಲಿ ಕೆಲಸ ಮಾಡುವ ಎಲ್ಲರೂ ಕೇಳಿರುವಂಥದ್ದು. ನಮ್ಮವರಿಗೂ ಇದೇ ದರ, ಚಹಾ ಮಾತ್ರ ಪುಕ್ಕಟೆ.

ಕೆಲಸ ಮುಗಿದ ಮೇಲೆ ಕಡತಗಳು ಯಾರದು ಎಂಬ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದಿಲ್ಲ, ಕೇಳಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸ್ವತಂತ್ರವಾಗಿ ಕೆಲಸ ಮಾಡುವ ಡಿಸೈನರ್ ರಚಿಸಿದ ಲೋಗೋದ ಹಕ್ಕು, ಲಿಖಿತವಾಗಿ ವರ್ಗಾಯಿಸದ ಹೊರತು, ಸಾಮಾನ್ಯವಾಗಿ ಡಿಸೈನರ್ ಬಳಿಯೇ ಉಳಿಯುತ್ತದೆ. ವರ್ಗಾವಣೆ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷಕ್ಕೆ ಮಾತ್ರ ಎಂದು ಪರಿಗಣಿಸಲಾಗುತ್ತದೆ. ಆದ್ದರಿಂದ ಪೂರ್ತಿ ಹಣ ಸಂದಾಯವಾದ ದಿನ, ಕೃತಿಸ್ವಾಮ್ಯದ ಪೂರ್ಣ ಅವಧಿಗೆ, ಎಲ್ಲ ದೇಶಗಳಿಗೂ ಅನ್ವಯಿಸುವಂತೆ ಹಕ್ಕನ್ನು ನಿಮ್ಮ ಹೆಸರಿಗೆ ಬರೆದು ಸಹಿ ಮಾಡಿಕೊಡುತ್ತೇನೆ. ಅಚ್ಚಿನ ಪಿಡಿಎಫ್ ಜೊತೆಗೆ ತಿದ್ದಲು ಬರುವ ಮೂಲ ಕಡತವನ್ನೂ ಕೊಡುತ್ತೇನೆ. ನಾಳೆ ಬೆಲೆ ಬದಲಿಸಲು ನೀವು ನನ್ನನ್ನೇ ಹುಡುಕಿಕೊಂಡು ಬರಬೇಕಾಗಿಲ್ಲ. ನಿಮ್ಮ ಒಪ್ಪಿಗೆ ಇದ್ದರೆ ಮಾತ್ರ ಆ ಕೆಲಸವನ್ನು ನನ್ನ ಮಾದರಿಗಳಲ್ಲಿ ತೋರಿಸುತ್ತೇನೆ.

ಹಾಜರಿ ಪುಸ್ತಕವಿರುವ ಕೆಲಸ, ಏಜೆನ್ಸಿಗಳ ಹೊರಗುತ್ತಿಗೆ, ಆಯ್ಕೆಗಾಗಿ ಹಣವಿಲ್ಲದೆ ಮಾದರಿ ಮಾಡಿಕೊಡುವ ಸ್ಪರ್ಧೆ, ಇವುಗಳಿಗಾಗಿ ದಯವಿಟ್ಟು ಬರೆಯಬೇಡಿ. ವರ್ಷವಿಡೀ ಆಗಾಗ ಕೆಲಸವಿರುವ ಸಂಘ ಅಥವಾ ಅಂಗಡಿಯವರೊಂದಿಗೆ ವಾರ್ಷಿಕ ಒಪ್ಪಂದವನ್ನು ಸಂತೋಷದಿಂದ ಮಾಡಿಕೊಳ್ಳುತ್ತೇನೆ. ಛಾಯಾಗ್ರಹಣ, ವೀಡಿಯೋ ಮತ್ತು ವೆಬ್‌ಸೈಟ್ ನನ್ನ ಕ್ಷೇತ್ರವಲ್ಲ. ಬೇಕಾದರೆ ತಿಳಿದವರನ್ನು ಸೂಚಿಸುತ್ತೇನೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದವರ ಮನೆ ಅಥವಾ ಘಟಕಕ್ಕೆ ನಾನೇ ಬಂದು ನೋಡುತ್ತೇನೆ. ಕುಮಟಾ, ಹೊನ್ನಾವರ, ಅಂಕೋಲಾ, ಕಾರವಾರದ ಕಡೆಯ ಭೇಟಿಗಳನ್ನು ಒಟ್ಟುಗೂಡಿಸಿ ಘಟ್ಟ ಇಳಿಯುತ್ತೇನೆ. ಮಳೆಗಾಲದಲ್ಲಿ ದೇವಿಮನೆ ಘಟ್ಟದ ಸ್ಥಿತಿ ನೋಡಿ ದಿನ ಬದಲಾಗಬಹುದು. ಕನ್ನಡ, ಕೊಂಕಣಿ, ಇಂಗ್ಲಿಷ್ ಯಾವುದರಲ್ಲಾದರೂ ಮಾತನಾಡಬಹುದು.

ಸಂದೇಶ ಕಳುಹಿಸುವಾಗ ನಿಮ್ಮ ವಸ್ತುವಿನ ಒಂದು ಫೋಟೋ, ಈಗಿರುವ ಲೇಬಲ್ ಅಥವಾ ಫಲಕ, ಅದು ಎಲ್ಲಿ ಮಾರಾಟವಾಗುತ್ತದೆ, ತಿಂಗಳಿಗೆ ಸುಮಾರು ಎಷ್ಟು ಹೋಗುತ್ತದೆ ಎಂಬುದನ್ನು ತಿಳಿಸಿ. ಫೋಟೋ ಚೆನ್ನಾಗಿರಬೇಕಾಗಿಲ್ಲ, ಮೊಬೈಲಿನದೇ ಸಾಕು. ಎರಡು ಕೆಲಸದ ದಿನಗಳೊಳಗೆ ಉತ್ತರಿಸುತ್ತೇನೆ. ಹಬ್ಬಕ್ಕೋ ಮಾರಿಕಾಂಬಾ ಜಾತ್ರೆಗೋ ಮಾಲು ಸಿದ್ಧವಾಗಬೇಕಿದ್ದರೆ, ಅಚ್ಚಿಗೆ ಕೊಡಬೇಕಾದ ದಿನಕ್ಕಿಂತ ಕನಿಷ್ಠ ಒಂದು ತಿಂಗಳು ಮೊದಲು ಬರೆಯಿರಿ.