ಕದ್ರಾ ಅಣೆಕಟ್ಟೆಯ ವಿಡಿಯೋ: ಮಾಸ್ತರರಿಗೆ ಉತ್ತರ

ಊರ ಬಳಗದಲ್ಲಿ, ರಾತ್ರಿ 9.40

ಮಾಸ್ತರರೇ, ನಮಸ್ಕಾರ. ಕದ್ರಾ ಅಣೆಕಟ್ಟೆ ಬಿರುಕು ಬಿಟ್ಟಿದೆ, ರಾತ್ರಿಯೊಳಗೆ ಊರು ಖಾಲಿ ಮಾಡಿ ಎಂದು ನೀವು ಬಳಗಕ್ಕೆ ಹಾಕಿದ ಈ ವಿಡಿಯೋ ಕದ್ರಾದ್ದಲ್ಲ. ಈಗಷ್ಟೇ ಜಿಲ್ಲೆಯ ವಿಪತ್ತು ಸಹಾಯವಾಣಿ 1077ಕ್ಕೆ ಫೋನ್ ಮಾಡಿ ವಿಚಾರಿಸಿದೆ. ಅಣೆಕಟ್ಟೆ ಬಿರುಕು ಬಿಟ್ಟಿಲ್ಲ, ರಾತ್ರಿಯೊಳಗೆ ಕೆರವಡಿ ಖಾಲಿ ಮಾಡಬೇಕೆಂಬ ಆದೇಶವೂ ಇಲ್ಲ. ಗೇಟು ತೆರೆದು ನೀರು ಬಿಡುತ್ತಿರುವುದು ಮಾತ್ರ ನಿಜ. ಅದರ ಸೂಚನೆ ಮಧ್ಯಾಹ್ನವೇ ಬಂದಿದೆ. ಆದ್ದರಿಂದ ಯಾರೂ ಹೊಳೆಗೆ ಇಳಿಯಬೇಡಿ, ದನಗಳನ್ನು ಹೊಳೆಯ ಬದಿಗೆ ಕಟ್ಟಬೇಡಿ, ದೋಣಿಗಳನ್ನು ಮೇಲಕ್ಕೆ ಎಳೆದಿಡಿ. ವಿಡಿಯೋವನ್ನು ಬಳಗದಿಂದ ಅಳಿಸುತ್ತಿದ್ದೇನೆ. ಈಗಾಗಲೇ ಬೇರೆಯವರಿಗೆ ಕಳಿಸಿದ್ದರೆ, ಅದು ಸುಳ್ಳೆಂದು ಅವರಿಗೂ ದಯವಿಟ್ಟು ತಿಳಿಸಿ. ಮಾಸ್ತರರೇ, ನಿಮಗೆ ಬೇರೆಯಾಗಿ ಬರೆಯುತ್ತೇನೆ.

ಮಾಸ್ತರರಿಗೆ ಮಾತ್ರ, ರಾತ್ರಿ 10.15

ಮಾಸ್ತರರೇ, ಬಳಗದಲ್ಲಿ ಎಲ್ಲರೆದುರು ಉದ್ದಕ್ಕೆ ಬರೆಯುವುದು ಸರಿ ಕಾಣಲಿಲ್ಲ. ನಿಮ್ಮ ಕೈಯಲ್ಲಿ ಅಕ್ಷರ ಕಲಿತವನು ನಾನು. ನೀವು ಯಾರನ್ನೂ ಹೆದರಿಸಲೆಂದು ಇದನ್ನು ಕಳಿಸಿಲ್ಲ, ಊರಿನ ಮೇಲಿನ ಕಾಳಜಿಯಿಂದಲೇ ಕಳಿಸಿದ್ದೀರಿ ಎಂಬುದು ನನಗೆ ಗೊತ್ತು. ಆದರೂ ಈ ಮಾತನ್ನು ನೇರವಾಗಿ ಹೇಳಲೇಬೇಕಾಗಿದೆ.

ವಿಡಿಯೋವನ್ನು ಇನ್ನೊಮ್ಮೆ ನೋಡಿ. ಅಣೆಕಟ್ಟೆಯ ಎರಡೂ ಬದಿಗೆ ಬೋಳು ಗುಡ್ಡ, ಮರದ ಸುಳಿವೇ ಇಲ್ಲ. ಕದ್ರಾದ ಸುತ್ತ ಅಂಥ ಗುಡ್ಡವನ್ನು ನೀವು ಎಂದಾದರೂ ಕಂಡಿದ್ದೀರಾ? ನಿಂತು ನೋಡುತ್ತಿರುವ ಜನರ ನೆರಳು ನೆಲದ ಮೇಲೆ ಕಡುಕಪ್ಪಾಗಿ ಬಿದ್ದಿದೆ. ನಮ್ಮಲ್ಲಿ ಈ ವಾರವೆಲ್ಲ ಸೂರ್ಯನ ಮುಖವೇ ಕಂಡಿಲ್ಲ. ಹಿಂದಿನಿಂದ ಕೇಳುವ ಮಾತು ಕನ್ನಡವೂ ಅಲ್ಲ, ಕೊಂಕಣಿಯೂ ಅಲ್ಲ. ಮೇಲ್ಗಡೆ ಎರಡು ಬಾಣದ ಗುರುತೂ ಇತ್ತು. ಸಂದೇಶವೊಂದು ಅನೇಕರ ಕೈ ದಾಟಿ ಬಂದಿದೆ ಎಂದರೆ ವಾಟ್ಸಾಪ್ ಆ ಗುರುತು ಹಾಕುತ್ತದೆ. ಅಂಥದ್ದನ್ನು ಒಮ್ಮೆಗೆ ಒಂದೇ ಕಡೆಗೆ ಮುಂದಕ್ಕೆ ಕಳಿಸಲು ಬರುವಂತೆ 2020ರಿಂದ ತಡೆಯನ್ನೂ ಇಟ್ಟಿದ್ದಾರೆ. ಮೊದಲು ಕಳಿಸಿದವರು ಯಾರು, ಎಲ್ಲಿಯವರು ಎಂದು ನಿಮಗೂ ತಿಳಿಯದು, ನನಗೂ ತಿಳಿಯದು. ಊರಿನವರು ನೋಡಿದ್ದು ಮಾತ್ರ ನಿಮ್ಮ ಹೆಸರನ್ನು. ನಿಮ್ಮ ಹೆಸರಿಗೆ ಈ ಊರಿನಲ್ಲಿ ಎಷ್ಟು ತೂಕವಿದೆ ಎಂದು ನಿಮಗೆ ತಿಳಿಯದಿರಬಹುದು. ‘ಮಾಸ್ತರರೇ ಕಳಿಸಿದ್ದಾರೆ’ ಎಂದ ಮೇಲೆ ಇಲ್ಲಿ ಯಾರೂ ಮರುಪ್ರಶ್ನೆ ಹಾಕುವುದಿಲ್ಲ.

ಇಂದು ಆದದ್ದೂ ಅದೇ. ಕೆಳಗಿನ ಕೇರಿಯಲ್ಲಿ ಎದ್ದು ನಡೆಯಲಾಗದ ಅಜ್ಜಿಯೊಬ್ಬರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮೇಲೆ ಕಂಬಳಿ ಹೊದಿಸಿ, ಆ ಮಳೆಯಲ್ಲೇ ಇಬ್ಬರು ಹೊತ್ತುಕೊಂಡು ಶಾಲೆಯ ತನಕ ಹೋದರು. ವಿದ್ಯುತ್ ಇರಲಿಲ್ಲ. ದಾರಿಯಲ್ಲಿ ಒಬ್ಬನ ಕಾಲು ಜಾರಿ ಮೊಣಕಾಲು ತರಚಿದೆ. ಕೊಟ್ಟಿಗೆಯಿಂದ ಬಿಚ್ಚಿಬಿಟ್ಟ ಆಕಳೊಂದು ಇನ್ನೂ ಸಿಕ್ಕಿಲ್ಲ. ಅಜ್ಜಿ ಈಗ ಮನೆಗೆ ಮರಳಿದ್ದಾರೆ, ಚಳಿಗೆ ನಡುಗುತ್ತಿದ್ದಾರೆ. ಇದನ್ನು ನಿಮ್ಮನ್ನು ನೋಯಿಸಲೆಂದು ಬರೆಯುತ್ತಿಲ್ಲ. ನಿಮ್ಮ ಮನೆ ಮೇಲಿನ ಓಣಿಯಲ್ಲಿರುವುದರಿಂದ ಇದು ನಿಮ್ಮ ಕಿವಿಗೆ ಬಿದ್ದಿರಲಿಕ್ಕಿಲ್ಲ.

ನನಗೆ ಇದಕ್ಕಿಂತ ದೊಡ್ಡ ಹೆದರಿಕೆ ಬೇರೆ ಇದೆ. ನಮ್ಮದು ನಿಜವಾಗಿಯೂ ಅಪಾಯವಿರುವ ಜಾಗ. 2019ರ ಆಗಸ್ಟ್‌ನಲ್ಲಿಯೂ 2021ರ ಜುಲೈನಲ್ಲಿಯೂ ಕಾಳಿ ಹೊಳೆ ಮನೆಯೊಳಗೆ ನುಗ್ಗಿದ್ದನ್ನು ಈ ದಂಡೆಯವರು ಕಂಡಿದ್ದಾರೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿಯಿತು. ತಿಂಗಳು ತುಂಬುವುದರೊಳಗೆ, ಆಗಸ್ಟ್ 7ರ ನಡುರಾತ್ರಿ ಸದಾಶಿವಗಡದ ಹಳೆಯ ಸೇತುವೆ ಲಾರಿಯ ಸಮೇತ ಹೊಳೆಗೆ ಬಿತ್ತು. ಮೇಲೆ ಕೊಡಸಳ್ಳಿಯಿಂದ ಬಿಟ್ಟ ನೀರು ಕದ್ರಾಕ್ಕೆ ಬರುತ್ತದೆ, ಕದ್ರಾದಿಂದ ಬಿಟ್ಟದ್ದು ನಮ್ಮ ಮನೆಬಾಗಿಲಿಗೆ. ಅದೇ ಹೊತ್ತಿಗೆ ಕಡಲಿನಲ್ಲಿ ಭರತವಿದ್ದರೆ ಹೊಳೆಯ ನೀರು ಬೇಗ ಇಳಿಯುವುದೂ ಇಲ್ಲ. ಒಂದಲ್ಲ ಒಂದು ರಾತ್ರಿ ‘ಏಳಿ, ಹೊರಡಿ’ ಎಂಬ ನಿಜವಾದ ಸೂಚನೆ ಇದೇ ಬಳಗಕ್ಕೆ ಬರಬಹುದು. ಇವತ್ತು ಮಳೆಯಲ್ಲಿ ನೆನೆದು ಓಡಿದವರು ಅಂದು ‘ಇದೂ ಹಾಗೆಯೇ ಇರಬೇಕು’ ಎಂದು ಮಗ್ಗುಲು ಬದಲಿಸಿ ಮಲಗಿದರೆ ಏನು ಮಾಡುವುದು? ಕೈಗಾದಲ್ಲಿ ವಿಕಿರಣ ಸೋರಿದೆ ಎಂಬ ಸುಳ್ಳು ಸಂದೇಶ ಬಂದಾಗಲೇ ಕೆಲವರು ಬಳಗದ ಸದ್ದು ನಿಲ್ಲಿಸಿಟ್ಟರು. ಅವರಿಗೆ ಈಗ ಸರಿಯಾದ ಸುದ್ದಿಯೂ ತಲುಪುತ್ತಿಲ್ಲ.

ಹೋದ ತಿಂಗಳು ನೀವು ಕಳಿಸಿದ ಮಕ್ಕಳ ಕಳ್ಳರ ಫೋಟೋದ ವಿಷಯ. ಅಂದು ಫೋನಿನಲ್ಲಿ ಹೇಳಿದ್ದೆ, ಈಗ ಬರೆದೇ ಹೇಳುತ್ತೇನೆ: ಅಂಥದ್ದನ್ನು ಇನ್ನೆಂದೂ ಹಾಕಬೇಡಿ. ಮಾರನೆಯ ದಿನ ಬೆಡ್‌ಶೀಟ್ ಮಾರಲು ಬಂದ ಇಬ್ಬರು ಹುಡುಗರನ್ನು ಬಸ್ ನಿಲ್ದಾಣದ ಬಳಿ ಸುತ್ತುವರಿದು ಗಂಟು ಬಿಚ್ಚಿಸಿದ್ದರು. ಅಂಗಡಿಯವರೊಬ್ಬರು ಪರಿಚಯ ಹಿಡಿದಿದ್ದಕ್ಕೆ ಅವರು ಪಾರಾದರು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಆದದ್ದು ನಿಮಗೆ ನೆನಪಿರಬಹುದು. ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಅವರು ಮಕ್ಕಳ ಕಳ್ಳರು ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿಯಲ್ಲಿ ಜನ ಕಾರನ್ನು ತಡೆದು ಹೊಡೆದರು, ಒಬ್ಬ ಇಂಜಿನಿಯರನ ಪ್ರಾಣವೇ ಹೋಯಿತು. ನಮ್ಮ ಬಸ್ ನಿಲ್ದಾಣದಲ್ಲಿ ಅಂಥದ್ದು ಆಗಬಾರದು. ಯಾರ ಮೇಲಾದರೂ ಅನುಮಾನ ಬಂದರೆ 112ಕ್ಕೆ ಫೋನ್ ಮಾಡೋಣ. ಫೋಟೋ ಹಂಚುವುದು ಬೇಡ.

ಕಾನೂನಿನ ಮಾತನ್ನೂ ಒಮ್ಮೆ ಹೇಳಿಬಿಡುತ್ತೇನೆ. ವಿಪತ್ತಿನ ಬಗ್ಗೆ ಸುಳ್ಳು ಎಚ್ಚರಿಕೆ ಹಬ್ಬಿಸಿ ಜನರನ್ನು ಗಾಬರಿಪಡಿಸಿದರೆ ವಿಪತ್ತು ನಿರ್ವಹಣಾ ಕಾಯ್ದೆ 2005ರ 54ನೆಯ ಕಲಮಿನಡಿ ಒಂದು ವರ್ಷದವರೆಗೆ ಜೈಲು ಅಥವಾ ದಂಡ ವಿಧಿಸಬಹುದು. ಈ ವಯಸ್ಸಿನಲ್ಲಿ ನೀವು ಠಾಣೆಯ ಮೆಟ್ಟಿಲು ಹತ್ತುವುದನ್ನು ನಾನು ನೋಡಲಾರೆ.

ಇಂದಿನಿಂದ ಹೀಗೆ ಮಾಡೋಣ. ಮಳೆ, ಅಣೆಕಟ್ಟೆ, ರಸ್ತೆ, ಶಾಲೆಯ ರಜೆ ಇವುಗಳ ಬಗ್ಗೆ ನಿಮಗೆ ಏನೇ ಬಂದರೂ ಮೊದಲು ನನಗೊಬ್ಬನಿಗೇ ಕಳಿಸಿ. ರಾತ್ರಿ ಎರಡು ಗಂಟೆಯಾದರೂ ಫೋನ್ ಮಾಡಿ, ಬೇಸರವಿಲ್ಲ. 1077ಕ್ಕೆ ಕೇಳಿ, ನಿಜವಿದ್ದರೆ ನಾನೇ ನಿಮ್ಮ ಹೆಸರು ಹೇಳಿ ಬಳಗಕ್ಕೆ ಹಾಕುತ್ತೇನೆ. ಖಚಿತವಾಗದ್ದು ನೇರವಾಗಿ ಬಳಗಕ್ಕೆ ಬಂದರೆ ಕೇಳದೆ ಅಳಿಸುತ್ತೇನೆ. ಯಾರು ಕಳಿಸಿದರೂ ಅಷ್ಟೇ, ನನ್ನ ತಮ್ಮನ ಸಂದೇಶವನ್ನೂ ಮೊನ್ನೆ ಅಳಿಸಿದ್ದೇನೆ. ಆದರೂ ನಿಲ್ಲದಿದ್ದರೆ ಮಳೆಗಾಲ ಮುಗಿಯುವ ತನಕ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಮಾಡಬೇಕಾಗುತ್ತದೆ. ಹಾಗೆ ಮಾಡಲು ನನಗೆ ಇಷ್ಟವಿಲ್ಲ. ನಿಮ್ಮನ್ನು ಬಳಗದಿಂದ ತೆಗೆಯುವ ಮಾತಂತೂ ಇಲ್ಲವೇ ಇಲ್ಲ.

ನಿಮ್ಮಿಂದ ಒಂದು ಸಹಾಯವೂ ಬೇಕು. ನೀವು ದಿನಾ ಬೆಳಿಗ್ಗೆಯೂ ಸಂಜೆಯೂ ದಕ್ಕೆಯ ತನಕ ನಡೆದು ಹೋಗುತ್ತೀರಿ. ಅಲ್ಲಿ ನೀರು ಎಷ್ಟನೆಯ ಮೆಟ್ಟಿಲಿಗೆ ಬಂದಿದೆ ಎಂದು ಕಂಡದ್ದನ್ನು ಗಂಟೆಯ ಸಮೇತ ಬಳಗಕ್ಕೆ ಬರೆಯಿರಿ. ನೀರು ಮೇಲೆ ಬಂದಿದ್ದರೆ ಹತ್ತಿರ ಹೋಗಬೇಡಿ, ದೂರದಿಂದಲೇ ನೋಡಿ. ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬ ನಿಮ್ಮ ಒಂದು ಸಾಲು ಕೆಳಗಿನ ಕೇರಿಯ ಪ್ರತಿ ಮನೆಗೂ ಬೇಕಾಗಿದೆ.

ಈಗ ಒಂದು ಕೆಲಸ: ಈ ವಿಡಿಯೋವನ್ನು ಕಡವಾಡದ ಬಳಗಕ್ಕೂ ನಿಮ್ಮ ಮಗಳ ಮನೆಯವರಿಗೂ ಕಳಿಸಿದ್ದೀರಂತೆ. ಮಲಗುವ ಮೊದಲು ಎರಡೂ ಕಡೆ ‘ಅದು ಕದ್ರಾದ್ದಲ್ಲ’ ಎಂದು ಬರೆದುಬಿಡಿ. ನಾಳೆ ಹತ್ತು ಗಂಟೆಗೆ ನಾನು ಅಜ್ಜಿಯನ್ನು ನೋಡಿಕೊಂಡು ನಿಮ್ಮಲ್ಲಿಗೆ ಬರುತ್ತೇನೆ. ಆಕಳು ಸಿಕ್ಕಿತೆಂಬ ಸುದ್ದಿ ನಿಮಗೆ ಮೊದಲು ಬಂದರೆ ತಿಳಿಸಿ.